ಅಣ್ಣನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕತೆಯ ಖಳನನ್ನು ಓದುಗರು ನಂಬುವ ಹಾಗೆ ಬರೆಯುವುದು ಹೇಗೆ ಅನ್ನುವ ಮಾತನ್ನು ನಾನೇ ಬರೆದು ಕೆಡಿಸಿದ ಒಂದು ಕತೆಯಿಂದ ಶುರು ಮಾಡುತ್ತೇನೆ.

ತಂದೆ ತೀರಿಕೊಂಡಿದ್ದಾರೆ. ನಾಲ್ಕು ಎಕರೆ ಪಿತ್ರಾರ್ಜಿತ ಜಮೀನಿದೆ. ಅಣ್ಣ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಅವಳಿಗೂ ಸಮಪಾಲು ಇದೆ, ಅವನಿಗೂ ಅದು ಗೊತ್ತು. ಮೊದಲ ಸಲ ಅವನಿಗೆ ಕುಡಿತ, ಇಸ್ಪೀಟು ಎಲ್ಲ ಅಂಟಿಸಿದ್ದೆ. ಓದಿದ ಗೆಳೆಯರೊಬ್ಬರು ಕೇಳಿದರು: "ಇವನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತೆ?" ನನ್ನಲ್ಲಿ ಉತ್ತರ ಇರಲಿಲ್ಲ.

ಆಗ ಕತೆ ಪಕ್ಕಕ್ಕಿಟ್ಟು ಅವನ ಬಾಯಲ್ಲೇ ಒಂದು ಹಾಳೆ ಬರೆದೆ. "ಅಪ್ಪನಿಗೆ ಲಕ್ವ ಹೊಡೆದಾಗ ನಾನು ಪಿಯುಸಿ ಬಿಟ್ಟೆ. ಅವಳು ಡಿಗ್ರಿ ಮುಗಿಸಿದಳು. ಅವಳ ಮದುವೆ ಸಾಲ ಒಂಬತ್ತು ವರ್ಷ ತೀರಿಸಿದೆ. ಅಪ್ಪನ ಹಾಸಿಗೆ ಒಗೆದವಳು ನನ್ನ ಹೆಂಡತಿ. ತಂಗಿಯ ಪಾಲು ಅವತ್ತೇ ಚಪ್ಪರದ ಕೆಳಗೆ ಖರ್ಚಾಯ್ತಲ್ಲ!" ಇಸ್ಪೀಟು ತಾನಾಗೇ ಉದುರಿಹೋಯಿತು. ಅವನ ಪ್ರಕಾರ ಅವನು ಕಿತ್ತುಕೊಳ್ಳುತ್ತಿಲ್ಲ, ಬಾಕಿ ವಸೂಲು ಮಾಡುತ್ತಿದ್ದಾನೆ.

ಈ ಹಾಳೆಯಲ್ಲಿ ಸುಳ್ಳು ಒಂದೂ ಇಲ್ಲ, ಗಮನಿಸಿ. ಸುಳ್ಳು ಬರೆಸಿದರೆ ಅವನು ಮತ್ತೆ ಬರೀ ಮೋಸಗಾರ ಆಗುತ್ತಾನೆ. ತಪ್ಪಿರುವುದು ಅವನು ಬರೆಯದೆ ಬಿಟ್ಟಿದ್ದರಲ್ಲಿ. ಅಪ್ಪನ ಔಷಧಿಗೆ ತಂಗಿ ತಿಂಗಳು ತಿಂಗಳು ಕಳಿಸಿದ ದುಡ್ಡು ಅಲ್ಲಿಲ್ಲ. ಮದುವೆಯಲ್ಲಿ ಅವನು ಸಾವಿರ ಜನಕ್ಕೆ ಊಟ ಹಾಕಿಸಿದ್ದು ಅವಳು ಕೇಳಿದ್ದಕ್ಕಲ್ಲ, ಊರಲ್ಲಿ ತನ್ನ ಹೆಸರಿಗೆ. ಅದೂ ಇಲ್ಲ. ಅವನು ಮುಚ್ಚಿಡುತ್ತಿಲ್ಲ, ಅವನಿಗೆ ನೆನಪಾಗುವುದೇ ಇಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯಿತು. ತಂಗಿ ಆ ದುಡ್ಡಿನ ಮಾತು ಎತ್ತಿದ ಕೂಡಲೇ ಅವನು ಬಗ್ಗಬೇಕಲ್ವಾ? ಇದಕ್ಕೆ ಹಳಗನ್ನಡದ ಜೈನ ಕವಿ ನಾಗಚಂದ್ರನ ರಾವಣ ನೆರವಾದ. ಆ ಕವಿಯ ಪಂಪ ರಾಮಾಯಣದಲ್ಲಿ ರಾವಣನಿಗೆ ಪಶ್ಚಾತ್ತಾಪ ಆಗುತ್ತದೆ, ಸೀತೆಯನ್ನು ಒಪ್ಪಿಸಬೇಕು ಅಂತಲೂ ಅನ್ನಿಸುತ್ತದೆ. ಆದರೆ ಈಗ ಒಪ್ಪಿಸಿದರೆ ಹೆದರಿದ ಅನ್ನುತ್ತಾರೆ, ಯುದ್ಧದಲ್ಲಿ ಗೆದ್ದ ಮೇಲೆ ಒಪ್ಪಿಸೋಣ ಅಂದುಕೊಳ್ಳುತ್ತಾನೆ. ನಮ್ಮ ಅಣ್ಣನಿಗೂ ಅಂಥದ್ದೊಂದು ಬೇಕಿತ್ತು. ಹಾಗಾಗಿ ತಿಥಿಯ ದಿನ ನೆಂಟರೆದುರು ಅವನಿಂದ "ನನ್ನ ತಂಗಿ ಪಾಲು ಕೇಳೋಳಲ್ಲ" ಅಂತ ಹೆಮ್ಮೆಯಿಂದ ಹೇಳಿಸಿದೆ. ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಕೆಲವರು ಖಳನಿಗೆ ಸುಮ್ನೆ ಒಂದು ಕಷ್ಟದ ಬಾಲ್ಯ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದರಿಂದ ಕನಿಕರ ಹುಟ್ಟಬಹುದು, ಆದರೆ ಇವತ್ತು ಅವನು ಇದನ್ನೇ ಯಾಕೆ ಮಾಡುತ್ತಿದ್ದಾನೆ ಅನ್ನುವುದು ತಿಳಿಯುವುದಿಲ್ಲ. ಇನ್ನೊಂದು ಎಡವಟ್ಟು, ಆ ಹಾಳೆಯನ್ನು ಎತ್ತಿ ಹಾಗೇ ಸಂಭಾಷಣೆಗೆ ಹಾಕುವುದು. ನಾನೂ ಮಾಡಿದ್ದೆ, ಭಾಷಣ ಆಯಿತು. ಹಾಳೆ ಬರಹಗಾರನ ಮೇಜಿನ ಮೇಲೇ ಇರಲಿ.

ಕೊನೆಗೆ ಬರೆದ ದೃಶ್ಯದಲ್ಲಿ ನೋಂದಣಿ ಕಚೇರಿಯ ಕೆಲಸ ಮುಗಿದಿದೆ. ತಂಗಿ ಸಹಿ ಹಾಕಿದ್ದಾಳೆ, ಅವನ ಮುಖ ನೋಡುತ್ತಿಲ್ಲ. ಹಳೆಯ ಕರಡಿನಲ್ಲಿ ಅವನು ಮೀಸೆ ತಿರುವಿ ನಗುತ್ತಿದ್ದ. ಈಗ ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದು ಕೊಡುತ್ತಾನೆ. "ನಮ್ ತೋಟದ್ದು, ಮಕ್ಕಳಿಗೆ ಕೊಡು. ಬಸ್ಸಿಗೆ ದುಡ್ಡಿದೆಯೇನಮ್ಮಾ?"