ಒಂದು ಮೂಲೆ ಕತ್ತರಿಸಿದರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಗಣಿತದ ಮೇಷ್ಟ್ರು, ಮೇಡಂಗಳು. ಆಯ್ಲರನ ಸೂತ್ರ ನಿಮಗೆ ಹೊಸದಲ್ಲ. ಚಪ್ಪಟೆ ಮುಖಗಳಿರುವ, ಒಳಕ್ಕೆ ತಗ್ಗಿಲ್ಲದ ಯಾವುದೇ ಆಕೃತಿಯಲ್ಲಿ ಶೃಂಗಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ ಎರಡು. V − E + F = 2. ಅದನ್ನು ಹೇಳಿಕೊಡುವುದಕ್ಕೆ ನಾನು ಬಂದಿಲ್ಲ. ನಾವು ಅದನ್ನು ತರಗತಿಯಲ್ಲಿ ಪರೀಕ್ಷಿಸುವ ರೀತಿಯ ಬಗ್ಗೆ ನನಗೊಂದು ತಕರಾರಿದೆ, ಅದಕ್ಕೆ ಬಂದೆ.

ನಾವು ಏನು ಮಾಡುತ್ತೇವೆ? ಒಂದು ಪಟ್ಟಿ ಹಾಕುತ್ತೇವೆ. ಘನ, ತ್ರಿಕೋನ ಪಟ್ಟಕ, ಚೌಕ ಪಾದದ ಪಿರಮಿಡ್. ಮಕ್ಕಳು ಎಣಿಸಿ ತುಂಬುತ್ತಾರೆ, ಪ್ರತಿ ಸಾಲಿನ ಕೊನೆಗೂ 2 ಬರುತ್ತದೆ, ಸರಿ ಗುರುತು ಬೀಳುತ್ತದೆ. ಆದರೆ ಆ ಎರಡು ಯಾಕೆ ಅಲ್ಲಾಡಲಿಲ್ಲ ಅಂತ ಯಾರಿಗೂ ತಿಳಿಯಲಿಲ್ಲ. ಒಂದು ಆಕೃತಿಯಿಂದ ಇನ್ನೊಂದಕ್ಕೆ ಹೋಗುವಾಗ ಏನು ಬಂತು, ಏನು ಹೋಯಿತು ಅಂತ ನೋಡಬೇಕು. ನನ್ನ ವಾದ ಇಷ್ಟೇ. ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಒಂದು ಶಿಬಿರದಲ್ಲಿ ಮಕ್ಕಳಿಗೆ ಬಟ್ಟೆ ಸೋಪು ಕೊಟ್ಟಿದ್ದೆವು. ಬಾರನ್ನು ಮೊದಲೇ ಘನಾಕಾರದ ತುಂಡು ಮಾಡಿಟ್ಟಿದ್ದೆವು. ಸೋಪು ಯಾಕೆ ಅಂದರೆ, ಚಾಕು ಹಾಕಿದರೆ ಪುಡಿಯಾಗದೆ ನುಣ್ಣಗೆ ಕೊಯ್ಯುತ್ತದೆ, ಹೊಸ ಅಂಚು ಬೆರಳಿಗೆ ಸಿಗುತ್ತದೆ. ಆಲೂಗಡ್ಡೆಯಲ್ಲಿ ಅಂಚು ಒದ್ದೆಯಾಗಿ ಮೆತ್ತಗಾಗಿಬಿಡುತ್ತದೆ, ಎಣಿಸುವಾಗ ಗಲಿಬಿಲಿ. ಘನಕ್ಕೆ 8 ಶೃಂಗ, 12 ಅಂಚು, 6 ಮುಖ. ಒಂದು ಮೂಲೆ ಕತ್ತರಿಸಿ, ಎಣಿಸಿ ಅಂದೆವು.

ಒಬ್ಬಳನ್ನು ಬಿಟ್ಟು ಎಲ್ಲರೂ ಚಿಕ್ಕದಾಗಿ ಮೂಲೆ ಹಾರಿಸಿದರು. ಹಳೆಯ ಶೃಂಗ ಒಂದು ಹೋಯಿತು, ಅದರ ಜಾಗದಲ್ಲಿ ಮೂರು ಬಂದವು. ಕತ್ತರಿಸಿದ ಜಾಗದಲ್ಲಿ ಪುಟ್ಟ ತ್ರಿಕೋನ ಮುಖ, ಅದರ ಸುತ್ತ ಮೂರು ಹೊಸ ಅಂಚು. 10, 15, 7. ಎರಡೇ ಬಂತು.

ಒಬ್ಬ ಹುಡುಗಿ ಮಾತ್ರ 7, 12, 7 ಅಂತ ಬರೆದಿದ್ದಳು. ಪಕ್ಕದವರೆಲ್ಲ "ತಪ್ಪು ಎಣಿಸಿದ್ದೀಯ" ಅಂತ ಗಲಾಟೆ. ಅವಳು ಬಿಡಲಿಲ್ಲ, ಮತ್ತೆ ಎಣಿಸಿದಳು, ಮತ್ತೆ ಅದೇ ಬಂತು. ಸೋಪು ಈಸಿಕೊಂಡು ನೋಡಿದೆ. ಅವಳು ಚಾಕುವನ್ನು ಆಳಕ್ಕೆ ಇಳಿಸಿದ್ದಳು. ಪಕ್ಕದ ಮೂರು ಶೃಂಗಗಳ ಮೇಲೇ ಸರಿಯಾಗಿ ಹಾದುಹೋಗಿತ್ತು. ಹಾಗಾಗಿ ಆ ಮೂಲೆಯ ಮೂರು ಮುಖಗಳು ಚೌಕವಾಗಿ ಉಳಿಯದೆ ಅರ್ಧ ಚೌಕದ ತ್ರಿಕೋನಗಳಾಗಿದ್ದವು. ಹೊಸ ಮುಖವೂ ತ್ರಿಕೋನ, ಆದರೆ ದೊಡ್ಡದು. ಇನ್ನು ಮೂರು ಚೌಕ ಹಾಗೇ ಇದ್ದವು. ಏಳು ಮುಖ. ಶೃಂಗದಲ್ಲಿ ಕತ್ತರಿಸಿದ್ದು ಮಾತ್ರ ಹೋಗಿ ಏಳು ಉಳಿದವು. ಏಳರಿಂದ ಹನ್ನೆರಡು ಕಳೆದು ಏಳು ಕೂಡಿಸಿದರೆ, ಮತ್ತೆ ಎರಡೇ!

ಎರಡು ಎಣಿಕೆಯೂ ಸರಿ. ಹಾಗಾದರೆ 10, 15 ಹೋಗಿ 7, 12 ಆಗಿದ್ದು ಹೇಗೆ? ಚಾಕುವನ್ನು ನಿಧಾನಕ್ಕೆ ಆಳಕ್ಕೆ ಸರಿಸುತ್ತಾ ಹೋಗಿ. ಹೊಸ ಶೃಂಗ ಹಳೆಯ ಅಂಚಿನ ಮೇಲೆ ಜಾರುತ್ತಾ ಪಕ್ಕದ ಹಳೆಯ ಶೃಂಗವನ್ನು ಮುಟ್ಟುತ್ತದೆ. ಮುಟ್ಟಿದ ಕ್ಷಣ ಎರಡು ಶೃಂಗ ಸೇರಿ ಒಂದಾಯಿತು, ನಡುವಿನ ಅಂಚು ಮಾಯವಾಯಿತು. ಒಂದು ಶೃಂಗ ಹೋದರೆ ಜೊತೆಗೆ ಒಂದು ಅಂಚೂ ಹೋಗುತ್ತದೆ. ಇದು ಮೂರು ಕಡೆ ಆಯಿತು, ಮೂರು ಮೂರು ಕಳೆಯಿತು. ಲೆಕ್ಕ ಮುಗಿಯಿತು.

ಈಗ ಇದನ್ನು ಸಾಮಾನ್ಯ ಮಾಡೋಣ. ಒಂದು ಶೃಂಗದಲ್ಲಿ d ಅಂಚು ಸೇರುತ್ತವೆ ಅನ್ನಿ. ಅದನ್ನು ಚಿಕ್ಕದಾಗಿ ಕತ್ತರಿಸಿದರೆ ಶೃಂಗ d − 1 ಜಾಸ್ತಿ, ಅಂಚು d ಜಾಸ್ತಿ, ಮುಖ ಒಂದು ಜಾಸ್ತಿ. ಕೂಡಿ ಕಳೆದರೆ ಸೊನ್ನೆ. ಆದ್ದರಿಂದ ಎರಡು ಎರಡಾಗೇ ಉಳಿಯುತ್ತದೆ.

ಪಿರಮಿಡ್ಡಿಗೆ ಬನ್ನಿ. ಪಾದಕ್ಕೆ n ಬದಿ ಇದ್ದರೆ n + 1 ಶೃಂಗ, 2n ಅಂಚು, n + 1 ಮುಖ. ಅದರ ತುದಿಯಲ್ಲಿ n ಅಂಚು ಸೇರುತ್ತವೆ. ಆ ತುದಿಯನ್ನು ಪಾದಕ್ಕೆ ಸಮಾಂತರವಾಗಿ ಹಾರಿಸಿಬಿಡಿ. ಶೃಂಗ 2n, ಅಂಚು 3n, ಮುಖ n + 2. ಇದು ಯಾವುದರ ಲೆಕ್ಕ? ಪಟ್ಟಕದ್ದು, ಅಲ್ವಾ! ತುದಿ ಕಳೆದುಕೊಂಡ ಪಿರಮಿಡ್ಡಿಗೂ ಪಟ್ಟಕಕ್ಕೂ ಎಣಿಕೆಯಲ್ಲಿ ವ್ಯತ್ಯಾಸವೇ ಇಲ್ಲ. ಒಂದರ ಗೋಡೆ ವಾಲಿದೆ, ಇನ್ನೊಂದರದ್ದು ನೆಟ್ಟಗಿದೆ, ಅಷ್ಟೇ. ಪಟ್ಟಿಯಲ್ಲಿ ಇವೆರಡನ್ನೂ ಬೇರೆ ಬೇರೆ ಸಾಕ್ಷಿ ಅಂತ ಬರೆಯುತ್ತೇವಲ್ಲ, ನಿಜಕ್ಕೂ ಒಂದು ಇನ್ನೊಂದರಿಂದ ಒಂದೇ ಏಟಿಗೆ ಬರುತ್ತದೆ. ಅದಕ್ಕೇ ಹೇಳಿದ್ದು, ಏನು ಬಂತು, ಏನು ಹೋಯಿತು ನೋಡಿ.

ಆಯ್ಲರ್ ಈ ಸಂಬಂಧವನ್ನು 1750ರ ನವೆಂಬರಿನಲ್ಲಿ ಗೋಲ್ಡ್‌ಬಾಕ್‌ಗೆ ಪತ್ರ ಬರೆದು ತಿಳಿಸಿದ. ತೃಪ್ತಿಯಾಗುವ ಸಾಧನೆ ಇನ್ನೂ ಸಿಕ್ಕಿಲ್ಲ ಅಂತಲೂ ಬರೆದ. ಆಮೇಲೆ ಕೊಟ್ಟ ಸಾಧನೆಯೂ ಕತ್ತರಿಸುವುದೇ. ಶೃಂಗಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದು, ಕೊನೆಗೆ ನಾಲ್ಕು ಶೃಂಗದ ತ್ರಿಕೋನ ಪಿರಮಿಡ್ ಉಳಿಸುವುದು. ಅದರಲ್ಲೊಂದು ಕೊರತೆಯಿತ್ತು. ಹೇಗೆಂದರೆ ಹಾಗೆ ಕತ್ತರಿಸಿದರೆ ನಡುವೆ ಆಕೃತಿ ಒಳಕ್ಕೆ ತಗ್ಗಾಗಬಹುದು, ಇಲ್ಲವೇ ಹರಿದು ಎರಡಾಗಬಹುದು. ಅದು ಆಗದಂತೆ ಕತ್ತರಿಸಲು ಯಾವಾಗಲೂ ದಾರಿಯಿದೆ ಅಂತ ಅವನು ತೋರಿಸಿರಲಿಲ್ಲ. 1794ರಲ್ಲಿ ಲೆಜಾಂಡ್ರ್ ಆಕೃತಿಯನ್ನು ಗೋಳದ ಮೇಲೆ ಮೂಡಿಸಿ, ಗೋಳ ತ್ರಿಕೋನಗಳ ವಿಸ್ತೀರ್ಣ ಕೂಡಿಸಿ ಗಟ್ಟಿ ಸಾಧನೆ ಕೊಟ್ಟ. ಅದನ್ನೂ ಹೇಳಬೇಕೆಂದಿದ್ದೆ, ಆದರೆ ಹತ್ತು ನಿಮಿಷ ಉಳಿದಿದೆ ಅಂತ ಚೀಟಿ ಬಂದಿದೆ.

ಘನದ ಎಂಟೂ ಮೂಲೆ ಕತ್ತರಿಸಿ. ಮೂಲೆಗೆ ಎರಡು ಶೃಂಗ, ಮೂರು ಅಂಚು, ಒಂದು ಮುಖ ಜಾಸ್ತಿ. 24, 36, 14. ಇನ್ನೂ ಆಳಕ್ಕೆ, ಪ್ರತಿ ಅಂಚಿನ ನಟ್ಟನಡುವಿನ ತನಕ ಕತ್ತರಿಸಿದರೆ ಹಳೆಯ ಹನ್ನೆರಡು ಅಂಚೂ ಒಂದೊಂದು ಬಿಂದುವಾಗಿಬಿಡುತ್ತವೆ. ಹನ್ನೆರಡು ಶೃಂಗ, ಹನ್ನೆರಡು ಅಂಚು ಒಟ್ಟಿಗೇ ಹೋದವು. 12, 24, 14. ಸೋಪಿನ ಹುಡುಗಿಯ ಲೆಕ್ಕವೇ ಇದು.

ಇಪ್ಪತ್ತು ತ್ರಿಕೋನದ ಆಕೃತಿಗೆ 12 ಶೃಂಗ, 30 ಅಂಚು. ಪ್ರತಿ ಶೃಂಗದಲ್ಲೂ ಐದು ಅಂಚು. ಎಲ್ಲ ಶೃಂಗ ಕತ್ತರಿಸಿದರೆ 60, 90, 32. ಹಳೆಯ ತ್ರಿಕೋನಗಳು ಇಪ್ಪತ್ತು ಷಡ್ಭುಜವಾದವು, ಕತ್ತರಿಸಿದ ಕಡೆ ಹನ್ನೆರಡು ಪಂಚಭುಜ ಬಂದವು. ಕಪ್ಪು ಬಿಳುಪು ಫುಟ್ಬಾಲ್ ನೋಡಿದ್ದೀರಲ್ಲ, ಅದೇ. 1985ರಲ್ಲಿ ಪತ್ತೆಯಾದ ಅರುವತ್ತು ಇಂಗಾಲದ ಪರಮಾಣುಗಳ ಅಣು ಇದೇ ಆಕಾರದ್ದು. ಪರಮಾಣುಗಳು ಶೃಂಗಗಳಲ್ಲಿ ಕೂತಿವೆ.

ಕೊನೆಯದು, ಇದನ್ನು ಬಿಡುವ ಹಾಗಿಲ್ಲ. ಒಳಕ್ಕೆ ತಗ್ಗಿಲ್ಲದ ಆಕೃತಿ ಅನ್ನುವ ಷರತ್ತು ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಫೋಟೋ ಚೌಕಟ್ಟು ಕೊಡಿ. ನಡುವೆ ಚೌಕದ ತೂತಿರುವ ಚೌಕಟ್ಟು. ಸುಮ್ನೆ ಎಣಿಸಿದರೆ 16 ಶೃಂಗ, 24 ಅಂಚು. ಹೊರಗೆ ನಾಲ್ಕು ಮುಖ, ಒಳಗೆ ನಾಲ್ಕು, ಮುಂದೊಂದು, ಹಿಂದೊಂದು, ಒಟ್ಟು 10. ಕೂಡಿ ಕಳೆದರೆ ಎರಡು! ತೂತಿದ್ದರೂ ಎರಡು ಬಂತಲ್ಲ ಅಂತ ಮೋಸ ಹೋಗಬೇಡಿ. ಮುಂದಿನ ಮುಖದಲ್ಲೇ ತೂತಿದೆ, ಹಿಂದಿನದರಲ್ಲೂ ಇದೆ. ಅದನ್ನು ಒಂದೇ ಬಹುಭುಜ ಅನ್ನುವ ಹಾಗಿಲ್ಲ. ಬಡಗಿ ಮೂಲೆಯಲ್ಲಿ ಓರೆಯಾಗಿ ಜೋಡಿಸಿದ ಗೆರೆ ಕಾಣುತ್ತದಲ್ಲ, ಅದನ್ನೂ ಅಂಚು ಅಂತ ಸೇರಿಸಿ. ಮುಂದೆ ನಾಲ್ಕು, ಹಿಂದೆ ನಾಲ್ಕು. ಅಂಚು 32 ಆಯಿತು. ಮುಂದಿನ ಒಂದು ಮುಖ ನಾಲ್ಕಾಯಿತು, ಹಿಂದಿನದೂ ನಾಲ್ಕು, ಒಟ್ಟು 16. ಹದಿನಾರರಿಂದ ಮೂವತ್ತೆರಡು ಕಳೆದು ಹದಿನಾರು ಕೂಡಿಸಿ. ಸೊನ್ನೆ. ಆ ತೂತು ಲೆಕ್ಕದಲ್ಲಿ ಕಾಣುವುದು ಇಲ್ಲಿ.