‘ನನಗೆ ಎಲ್ಲ ನೆನಪಿರುತ್ತೆ ಸಾರ್’ ಅನ್ನುವ ಮ್ಯಾನೇಜರ್‌ಗಳಿಗೆ

ನಮಸ್ಕಾರ, ಹೇಗಿದ್ದೀರಿ ಎಲ್ಲರೂ? ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ, ಅದರ ಸ್ಕ್ರಿಪ್ಟೂ ರೆಡಿ ಇತ್ತು. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಒಂದು ಕಾಮೆಂಟ್ ಹಾಕಿದ್ದಾರೆ. ಓದಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಓದುತ್ತೇನೆ, ಕೇಳಿ: ‘ಸಾರ್, ಟೀಮ್‌ನವರ ಕೆಲಸದ ಬಗ್ಗೆ ವರ್ಷಪೂರ್ತಿ ನೋಟ್ಸ್ ಬರೆಯೋದೆಲ್ಲ ಕೆಲಸ ಇಲ್ಲದವರ ಕೆಲಸ. ಒಳ್ಳೆ ಮ್ಯಾನೇಜರ್‌ಗೆ ಯಾರು ಏನು ಮಾಡಿದ್ರು ಅಂತ ಎಲ್ಲ ನೆನಪಿರುತ್ತೆ.’

ಎಲ್ಲ ನೆನಪಿರುತ್ತೆ! ಸರಿ ಸ್ವಾಮಿ, ಒಂದು ಸಣ್ಣ ಪರೀಕ್ಷೆ. ಹೋದ ಜೂನ್ ಎರಡನೇ ವಾರ ನಿಮ್ಮ ಟೀಮ್‌ನವರಲ್ಲಿ ಯಾರ ಜೊತೆ ಕೂತು, ಅವರ ಕೆಲಸದ ಬಗ್ಗೆ ಏನು ಹೇಳಿದಿರಿ? ಮೊಬೈಲ್ ನೋಡಬಾರದು. ಆ ವಾರ ಮಳೆ ಬಂತಾ ಇಲ್ವಾ ಅನ್ನೋದೇ ನೆನಪಿಲ್ಲ, ಅಲ್ವಾ?

ನಮ್ಮಮ್ಮನ ಕಥೆ ಹೇಳುತ್ತೇನೆ. ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ಇರುತ್ತಿತ್ತು, ದಾರದಲ್ಲಿ ಕಟ್ಟಿದ ಪೆನ್ಸಿಲ್ ಸಮೇತ. ಹಾಲು ಬರದ ದಿನ ಒಂದು ಅಡ್ಡಗೆರೆ, ಅರ್ಧ ಲೀಟರ್ ಜಾಸ್ತಿ ಹಾಕಿಸಿಕೊಂಡ ದಿನ ಒಂದು ‘½’. ಹಾಲಿನವನಿಗೂ ಆ ಕ್ಯಾಲೆಂಡರ್ ಕಾಣುತ್ತಿತ್ತು. ತಿಂಗಳ ಕೊನೆಗೆ ಇಬ್ಬರೂ ಅದರ ಮುಂದೆ ನಿಂತು ಎಣಿಸುತ್ತಿದ್ದರು, ದುಡ್ಡು ಕೊಡುತ್ತಿದ್ದರು, ಮುಗೀತು. ಒಂದು ದಿನವೂ ಜಗಳ ಆಗಿದ್ದು ನಾನು ನೋಡಿಲ್ಲ. ಅಮ್ಮನಿಗೇನು ನೆನಪಿನ ಶಕ್ತಿ ಕಮ್ಮಿ ಇರಲಿಲ್ಲ. 20 ವರ್ಷದ ಹಿಂದಿನ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಅಂತ ಹೇಳುತ್ತಾರೆ. ಆದರೂ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅವತ್ತೇ ಬರೆಯುತ್ತಿದ್ದರು, ಇನ್ನೊಬ್ಬರಿಗೆ ಕಾಣೋ ಹಾಗೆ ಬರೆಯುತ್ತಿದ್ದರು. ನನ್ನ ಮಾತೆಲ್ಲ ಇಷ್ಟೇ: ಅವತ್ತೇ ಬರೆಯಿರಿ, ಬರೆದದ್ದನ್ನು ಅವರಿಗೇ ಕಳಿಸಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಆಗ ನಾನೊಂದು ಸಪೋರ್ಟ್ ಟೀಮ್ ನೋಡಿಕೊಳ್ಳುತ್ತಿದ್ದೆ, ಎಂಟು ಜನ, ಶಿಫ್ಟ್ ಕೆಲಸ. ಕಂಪನಿ ಹೆಸರು ಬೇಡ. ನಮ್ಮ ಕಡೆ ಬಹಳಷ್ಟು ಕಂಪನಿಗಳ ಹಾಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ. ಟೀಮ್‌ನಲ್ಲಿ ಒಬ್ಬ ಹುಡುಗ ಇದ್ದ, ಚುರುಕು. ಜುಲೈನಲ್ಲಿ ಒಂದು ವಾರ ಅವನು ಶಿಫ್ಟ್ ಮುಗಿಸುವಾಗ ಬಾಕಿ ಟಿಕೆಟ್‌ಗಳ, ಅಂದರೆ ಇನ್ನೂ ಬಗೆಹರಿಯದ ಗ್ರಾಹಕರ ದೂರುಗಳ, ಪಟ್ಟಿಯನ್ನು ಮುಂದಿನ ಶಿಫ್ಟ್‌ನವರಿಗೆ ಬರೆದಿಡದೇ ಹೋದ, ಒಂದಲ್ಲ, ಮೂರು ಸಲ. ನಾನು ಕಾಫಿ ಮೆಷಿನ್ ಹತ್ತಿರ ಸಿಕ್ಕಾಗ ‘ಹ್ಯಾಂಡೋವರ್ ಸ್ವಲ್ಪ ನೋಡ್ಕೊಳಪ್ಪ’ ಅಂದೆ. ‘ಸರಿ ಸಾರ್’ ಅಂದ. ನನ್ನ ತಲೆಯಲ್ಲಿ ಅದು ಎಚ್ಚರಿಕೆ. ಅವನ ತಲೆಯಲ್ಲಿ ಅದು ಕಾಫಿ ಜೊತೆಗಿನ ಮಾತು.

ಮಾರ್ಚ್‌ನಲ್ಲಿ ರಿವ್ಯೂಗೆ ಕೂತೆವು. ಹ್ಯಾಂಡೋವರ್ ಸರಿಯಿಲ್ಲ ಅಂತ ಬರೆದಿದ್ದೆ, ರೇಟಿಂಗ್ ಒಂದು ಮೆಟ್ಟಿಲು ಇಳಿದಿತ್ತು. ಅವನು ಓದಿ ಮುಖ ನೋಡಿದ. ‘ನೀವು ಯಾವತ್ತೂ ಹೇಳಲೇ ಇಲ್ವಲ್ಲ ಸಾರ್.’ ಹೇಳಿದ್ದೆ ಅಂದೆ. ಯಾವಾಗ ಅಂದ. ನನ್ನ ಹತ್ತಿರ ತಾರೀಖಿಲ್ಲ. ಇನ್ನೂ ಅವಮಾನ ಮುಂದಿದೆ. ಮೇ ತಿಂಗಳಲ್ಲಿ ಒಬ್ಬ ಗ್ರಾಹಕರು ಕೂಗಾಡುತ್ತಿದ್ದಾಗ ಇವನೇ ರಾತ್ರಿ ಕೂತು ಸಮಸ್ಯೆ ಬಗೆಹರಿಸಿದ್ದ. ನಾನು ಅದನ್ನು ಪೂರ್ತಿ ಮರೆತಿದ್ದೆ, ರಿವ್ಯೂನಲ್ಲಿ ಒಂದು ಸಾಲೂ ಇರಲಿಲ್ಲ. ಅವನು ನೆನಪಿಸಿದಾಗ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ‘ಎಲ್ಲ ನೆನಪಿರುತ್ತೆ’ ಅಂತೆ!

ಹಾಗಾದರೆ ಏನು ಬರೆಯಬೇಕಿತ್ತು? ದೊಡ್ಡ ಪ್ರಬಂಧ ಬೇಡ. ಜುಲೈ 18ರ ಶುಕ್ರವಾರ ಅವನನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ, ಎದ್ದ ಕೂಡಲೇ ಇಷ್ಟು ಬರೆದಿದ್ದರೆ ಸಾಕಿತ್ತು:

‘ಜುಲೈ 18. ಈ ವಾರ 14, 15, 17 ಮೂರೂ ದಿನ ಶಿಫ್ಟ್ ಮುಗಿಸುವಾಗ ಬಾಕಿ ಟಿಕೆಟ್ ಪಟ್ಟಿ ಬರೆದಿಲ್ಲ. 17ರಂದು ಒಂದು ತುರ್ತು ಟಿಕೆಟ್ ಮುಂದಿನ ಶಿಫ್ಟ್‌ನವರ ಕಣ್ಣಿಗೆ ಬಿದ್ದಿದ್ದು ಎರಡು ಗಂಟೆ ತಡವಾಗಿ. ನೀವು ಹೇಳಿದ್ದು: ಕೊನೆಯ ಅರ್ಧ ಗಂಟೆಯಲ್ಲೇ ಕರೆಗಳು ಜಾಸ್ತಿ, ಬರೆಯಲು ಸಮಯ ಸಿಗುತ್ತಿಲ್ಲ. ಒಪ್ಪಿಕೊಂಡಿದ್ದು: ಕೊನೆಯ 20 ನಿಮಿಷ ನಿಮಗೆ ಹೊಸ ಕರೆ ಬರುವುದಿಲ್ಲ, ಪಟ್ಟಿ ದಿನಾ ಬರಬೇಕು. ಆಗಸ್ಟ್ 8ಕ್ಕೆ ಮತ್ತೆ ನೋಡೋಣ.’

ಇದರಲ್ಲಿ ‘ಬೇಜವಾಬ್ದಾರಿ’ ಅನ್ನುವ ಪದ ಇದೆಯಾ? ‘ಆಟಿಟ್ಯೂಡ್’ ಇದೆಯಾ? ಇಲ್ಲ. ಏನು ನಡೀತು, ಯಾವತ್ತು, ಅದರಿಂದ ಏನಾಯ್ತು, ಅಷ್ಟೇ. ಬೇಜವಾಬ್ದಾರಿ ಅಂತ ಬರೆದರೆ ಅವನು ಹೌದು ಅಲ್ಲ ಅಂತ ವರ್ಷಪೂರ್ತಿ ವಾದ ಮಾಡಬಹುದು. ಮೂರು ದಿನ ಪಟ್ಟಿ ಇಲ್ಲ ಅನ್ನೋದಕ್ಕೆ ವಾದ ಏನಿದೆ? ಇನ್ನೊಂದು ನೋಡಿ, ಅವನ ಮಾತೂ ಅದರಲ್ಲಿದೆ. ಕೇಳಿದ್ದರೆ ತಾನೇ ಗೊತ್ತಾಗೋದು, ತಪ್ಪಿನಲ್ಲಿ ಅರ್ಧ ಪಾಲು ನಾನು ಹಾಕಿದ ಶಿಫ್ಟ್‌ನದ್ದು ಅಂತ! ಇದನ್ನು ಅವನಿಗೇ ಕಳಿಸಬೇಕು. ಕೆಳಗೆ ಒಂದು ಸಾಲು: ‘ನಾನು ಅರ್ಥ ಮಾಡಿಕೊಂಡಿದ್ದು ಹೀಗೆ, ತಪ್ಪಿದ್ದರೆ ತಿದ್ದಿ.’

ಆಮೇಲೆ ಎಲ್ಲರೂ ಬಿಟ್ಟುಬಿಡುವ ಭಾಗ. ಆಗಸ್ಟ್ 8ಕ್ಕೆ ನಿಜವಾಗಿ ನೋಡಬೇಕು. ‘15 ಶಿಫ್ಟ್‌ಗಳಲ್ಲಿ 14ರಲ್ಲಿ ಪಟ್ಟಿ ಬಂದಿದೆ. ಈ ವಿಷಯ ಮುಗಿಯಿತು.’ ಆ ‘ಮುಗಿಯಿತು’ ಬರೆಯದಿದ್ದರೆ ಏನಾಗುತ್ತೆ ಗೊತ್ತಾ? ಮಾರ್ಚ್‌ನಲ್ಲಿ ನೀವು ಫೈಲ್ ತೆಗೆಯುತ್ತೀರಿ, ಜುಲೈ ತಪ್ಪು ಕಣ್ಣಿಗೆ ಬೀಳುತ್ತೆ, ಆಗಸ್ಟ್‌ನಲ್ಲಿ ಸರಿ ಮಾಡಿಕೊಂಡಿದ್ದು ಎಲ್ಲೂ ಇರಲ್ಲ. ಪಾಪ ಅವನು ಎಂಟು ತಿಂಗಳಿಂದ ದಿನಾ ಪಟ್ಟಿ ಬರೆಯುತ್ತಿದ್ದಾನೆ. ಒಳ್ಳೆಯದನ್ನೂ ಹೀಗೇ ಬರೆಯಬೇಕು. ಮೇ ತಿಂಗಳ ಆ ರಾತ್ರಿಗೆ ನಾಲ್ಕು ಸಾಲು ಅವತ್ತೇ ಬರೆದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಅಂದಹಾಗೆ ನಾನು ಬಳಸುವ ಶೀಟ್ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ, ದುಡ್ಡಿಲ್ಲ. ಸಬ್‌ಸ್ಕ್ರೈಬ್ ಮಾಡಿದರೆ ಬೇಡ ಅನ್ನಲ್ಲ.

ಈಗ ಕೆಲವರು ‘ಟೈಮ್ ಎಲ್ಲಿದೆ ಸಾರ್’ ಅನ್ನುತ್ತಾರೆ. ಎಂಟು ಜನ, ತಿಂಗಳಿಗೆ ಎರಡು ಸಲ, ಒಂದು ನೋಟ್‌ಗೆ ಐದು ನಿಮಿಷ. ತಿಂಗಳಿಗೆ 80 ನಿಮಿಷ ಆಯ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಂದೇ ವಾರದಲ್ಲಿ ಅಷ್ಟು ನಿಂತಿರುತ್ತೀರಿ. ಗಾಡಿ ಓಡಿಸುವಾಗ ಬರೆಯಬೇಡಿ ಮತ್ತೆ, ನನ್ನ ಮೇಲೆ ಕೇಸ್ ಹಾಕುತ್ತಾರೆ.

ಕೇಸ್ ಅಂದಾಗ ನೆನಪಾಯ್ತು. ಬಾರ್ಡರ್ ರೋಡ್ಸ್ ಎಂಜಿನಿಯರಿಂಗ್ ಸರ್ವಿಸ್‌ನಲ್ಲಿ ದೇವ್ ದತ್ ಅಂತ ಒಬ್ಬ ಎಕ್ಸಿಕ್ಯೂಟಿವ್ ಎಂಜಿನಿಯರ್ ಇದ್ದರು. 1993-94ರ ಗೌಪ್ಯ ವರದಿಯಲ್ಲಿ ಅವರಿಗೆ ‘ಗುಡ್’ ಅಂತ ಕೊಟ್ಟಿದ್ದರು. ಗುಡ್ ಅಂದರೆ ಒಳ್ಳೆಯದೇ ಅಲ್ವಾ? ಅಲ್ಲ! ಬಡ್ತಿಗೆ ಐದು ವರ್ಷವೂ ‘ವೆರಿ ಗುಡ್’ ಬೇಕಿತ್ತು. ಆ ಒಂದು ಪದದಿಂದ ಬಡ್ತಿ ಹೋಯಿತು, ಮತ್ತು ಆ ಪದವನ್ನು ಅವರಿಗೆ ಯಾರೂ ತಿಳಿಸಿರಲೇ ಇಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೆಟ್ಟದ್ದು ಮಾತ್ರ ಅಲ್ಲ, ವರದಿಯಲ್ಲಿ ಬರೆದ ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು. ಮರುವರ್ಷ ಕೇಂದ್ರ ಸರ್ಕಾರ ಪೂರ್ತಿ ವರದಿ ತೋರಿಸಿ, ಆಕ್ಷೇಪಣೆಗೆ 15 ದಿನ ಕೊಡಿ ಅಂತ ಆದೇಶ ಹೊರಡಿಸಿತು. ಇದು ಸರ್ಕಾರಿ ನೌಕರರ ವಿಷಯ, ಖಾಸಗಿ ಕಂಪನಿಗೆ ಈ ತೀರ್ಪು ಕಟ್ಟುಪಾಡಲ್ಲ, ಗೊತ್ತು. ಆದರೆ ಸ್ವಾಮಿ, ಕೆಂಪು ದಾರ ಕಟ್ಟಿದ ಸರ್ಕಾರಿ ಫೈಲೇ ತೆರೆದು ತೋರಿಸುತ್ತಿದ್ದಾರೆ, ನಿಮ್ಮ ಗಾಜಿನ ಕಟ್ಟಡದಲ್ಲಿ ಏನು ಗುಟ್ಟು?

‘ಬರೆದು ಕಳಿಸಿದರೆ ಸಂಬಂಧ ಕೆಡುತ್ತೆ’ ಅಂತ ಇನ್ನೊಬ್ಬರು. ಸಂಬಂಧ ಕೆಡೋದು ಬರೆದು ಬಚ್ಚಿಟ್ಟರೆ. ನಿಮ್ಮ ನೋಟ್‌ಗಳ ತಾರೀಖು ಮಾತ್ರ ನೋಡಿ, ಸಾಕು. ಎಲ್ಲ ಫೆಬ್ರವರಿ, ಮಾರ್ಚ್‌ನಲ್ಲೇ ತುಂಬಿವೆಯಾ? ಅದು ದಾಖಲೆ ಅಲ್ಲ, ರೇಟಿಂಗ್ ಮೊದಲೇ ಕೊಟ್ಟು ಆಮೇಲೆ ಕಾರಣ ಹುಡುಕಿದ್ದು. ಎಂಟು ಜನರಲ್ಲಿ ಒಬ್ಬರ ಮೇಲೆ ಮಾತ್ರ ಹದಿನೈದು ನೋಟ್ ಇದೆಯಾ? ಅದು ಆ ಒಬ್ಬರನ್ನು ಕೆಲಸದಿಂದ ತೆಗೆಯಲು ಕಟ್ಟುತ್ತಿರುವ ಫೈಲ್, ನಿಮಗೂ ಗೊತ್ತು. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಏನು ನಡೀತಿದೆ, ಪಕ್ಕದ ಟೀಮ್‌ನವರು ಏನಂದರು, ಇದೆಲ್ಲ ನೋಟ್‌ನಲ್ಲಿ ಇರಲೇಬಾರದು. ಅವರಿಗೇ ಕಳಿಸಬೇಕು ಅಂದಾಗ ನೀವು ಬರೆಯೋದೂ ಇಲ್ಲ, ನೋಡಿ. ಅದಕ್ಕೇ ಹೇಳಿದ್ದು, ಅವತ್ತೇ ಬರೆಯಿರಿ, ಅವರಿಗೇ ಕಳಿಸಿ!

ಬೆಲ್ ಕರ್ವ್ ಪಾರ್ಟಿ ಬಂದರು, ಇಷ್ಟು ಜನಕ್ಕೇ ಒಳ್ಳೆ ರೇಟಿಂಗ್ ಅಂತ ಮೊದಲೇ ಲೆಕ್ಕ ಕಟ್ಟಿರೋ ಕಂಪನಿಗಳವರು. ‘ಕೊನೆಗೆ ನಂಬರ್ ಮೇಲಿನವರೇ ಹಾಕ್ತಾರೆ, ನೋಟ್ಸ್ ಇಟ್ಕೊಂಡು ಏನು ಮಾಡೋಣ?’ ಇದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪುತ್ತೇನೆ. ನಂಬರ್‌ನ ಭರವಸೆ ನೀವು ಕೊಡಲು ಆಗಲ್ಲ, ಕೊಡಲೂಬೇಡಿ. ಆದರೆ ಆ ಮೀಟಿಂಗ್‌ನಲ್ಲಿ ಎಲ್ಲ ಮ್ಯಾನೇಜರ್‌ಗಳೂ ಕೂತು ರೇಟಿಂಗ್ ಹಂಚುವಾಗ, ಒಬ್ಬರು ‘ಒಳ್ಳೆ ಹುಡುಗ ಸಾರ್, ಕಷ್ಟಪಡ್ತಾನೆ’ ಅನ್ನುತ್ತಾರೆ, ಇನ್ನೊಬ್ಬರು ‘ಮೇನಲ್ಲಿ ಇದು, ಸೆಪ್ಟೆಂಬರ್‌ನಲ್ಲಿ ಇದು’ ಅಂತ ತಾರೀಖು ಹೇಳುತ್ತಾರೆ. ಯಾರ ಮಾತು ನಿಲ್ಲುತ್ತೆ? ನಂಬರ್ ಕೈ ತಪ್ಪಿದರೂ ವಿಷಯದಲ್ಲಿ ಹೊಸದು ಏನೂ ಇರಬಾರದು. ರಿವ್ಯೂನಲ್ಲಿ ನೀವು ಬಾಯಿ ಬಿಟ್ಟಾಗ ಅವರು ‘ಹೌದು, ಗೊತ್ತು’ ಅನ್ನಬೇಕು.

ಇಷ್ಟಾದ ಮೇಲೂ ‘ನೆನಪಿರುತ್ತೆ’ ಅನ್ನುತ್ತೀರಾ? ನಿಮ್ಮ ಸ್ವಂತ ಗಾಡಿ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಹೇಳಿ ನೋಡೋಣ. ಮದುವೆ ವಾರ್ಷಿಕೋತ್ಸವ ಕೇಳಲ್ಲ, ಮನೇಲಿ ಗಲಾಟೆ ಆಗುತ್ತೆ. ಅವತ್ತೇ ಬರೆಯಿರಿ ಅಂದರೆ ಅವತ್ತೇ, ಶನಿವಾರ ಅಲ್ಲ, ತಿಂಗಳ ಕೊನೆಗೆ ಅಲ್ಲ, ಯುಗಾದಿ ಒಬ್ಬಟ್ಟು ತಿಂದು ಎದ್ದ ಮೇಲೆ ಅಲ್ಲ! ಅವರಿಗೇ ಕಳಿಸಿ ಅಂದರೆ ಅವರಿಗೇ, ಎಚ್‌ಆರ್‌ಗಲ್ಲ! ಒಬ್ಬ ಫ್ರೆಂಡ್ ಇದನ್ನು ಟೀ-ಶರ್ಟ್ ಮೇಲೆ ಹಾಕಿಸು ಅಂದ. 500 ಜನ ಬೇಕು ಅಂದರೆ ಹಾಕಿಸುತ್ತೇನೆ, ಕಾಮೆಂಟ್‌ನಲ್ಲಿ ಸೈಜ್ ಹೇಳಿ.

ಆ ‘ಎಲ್ಲ ನೆನಪಿರುತ್ತೆ’ ಮಹಾನುಭಾವರ ಕಾಮೆಂಟ್ ಪಿನ್ ಮಾಡಿದ್ದೇನೆ, ಸ್ಕ್ರೀನ್‌ಶಾಟ್ ತೆಗೆದು ತಾರೀಖು ಹಾಕಿ ಇಟ್ಟಿದ್ದೇನೆ. ಬರುವ ಮಾರ್ಚ್‌ನಲ್ಲಿ ಕೇಳುತ್ತೇನೆ ಸಾರ್, ಸಿದ್ಧವಾಗಿರಿ. ಹೂಂ, ಅದನ್ನು ನಿಮಗೂ ಕಳಿಸಿದ್ದೇನೆ.