ಜನ ಬೇರೆ, ಅವಸರ ಬೇರೆ: ಎರಡನ್ನೂ ಕೂಡಿಸಬೇಡಿ

ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೋದ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಲೀಡ್ ಸ್ಕೋರಿಂಗ್ ಅಂದ್ರೆ ಅಷ್ಟು ಮಾತಾಡುವಂಥದ್ದು ಎಂತ ಉಂಟು? ಎಲ್ಲ ಅಂಕ ಕೂಡಿಸಿ, 50 ದಾಟಿದವರ ನಂಬರನ್ನು ಸೇಲ್ಸ್‌ನವರಿಗೆ ಕೊಟ್ರೆ ಆಯ್ತಲ್ಲ!" ಲೀಡ್ ಅಂದ್ರೆ ನಮ್ಮ ಮಾಲಿನ ಬಗ್ಗೆ ವಿಚಾರಿಸಿದವರು, ಸ್ಕೋರಿಂಗ್ ಅಂದ್ರೆ ಅವರಲ್ಲಿ ಯಾರು ಕೊಳ್ಳಬಹುದು ಅಂತ ಅಂಕ ಹಾಕುವುದು. ಆದ್ರೆ ಬರೇ ಕೂಡಿಸಿದರೆ ಆಗಲಿಲ್ಲ ಮಾರಾಯ್ರೆ. ಆ 'ಎಲ್ಲ ಕೂಡಿಸಿ' ಎಂಬಲ್ಲೇ ಕೆಲಸ ಕೆಟ್ಟಿತು. ಇವತ್ತಿಡೀ ನಾನು ಹೇಳುವುದು ಅದೊಂದನ್ನೇ. ವಿಚಾರಿಸಿದ ಜನ ಯಾರು ಎಂಬುದು ಒಂದು ಲೆಕ್ಕ, ಅವರಿಗೆ ಅವಸರ ಎಷ್ಟು ಎಂಬುದು ಇನ್ನೊಂದು ಲೆಕ್ಕ. ಇವೆರಡನ್ನು ಕೂಡಿಸಬೇಡಿ.

ನಮ್ಮ ಕಾಸರಗೋಡಿನದ್ದೇ ಲೆಕ್ಕ ಹಾಕುವ. ಬದಿಯಡ್ಕದ ಹತ್ತಿರ ಅಡಿಕೆ ಸುಲಿಯುವ ಮೆಷಿನ್ ಮಾರುವ ಒಂದು ಕಂಪೆನಿ ಉಂಟು ಅಂತ ಇಟ್ಟುಕೊಳ್ಳಿ. ಅವರ ಅಂಕಪಟ್ಟಿ ಹೀಗೆ: ಬ್ರೋಷರ್ ಡೌನ್‌ಲೋಡ್ ಮಾಡಿದರೆ 10, ಇಮೇಲ್ ತೆರೆದರೆ ಪ್ರತಿ ಸಲ 5, ಆನ್‌ಲೈನ್ ಡೆಮೋ ನೋಡಿದರೆ 15, ರೇಟ್ ಕೇಳಿದರೆ 20. ಜಿಮೇಲ್ ವಿಳಾಸ ಕೊಟ್ಟರೆ 10 ಕಡಿಮೆ, ಯಾಕೆಂದರೆ 'ಅದು ಕಂಪೆನಿಯ ವಿಳಾಸ ಅಲ್ಲ'.

ಈಗ ಪಡನ್ನಕ್ಕಾಡಿನ ಕೃಷಿ ಕಾಲೇಜಿನ ಒಬ್ಬ ವಿದ್ಯಾರ್ಥಿ ಪ್ರಾಜೆಕ್ಟಿಗೆ ಬೇಕೆಂದು ಬ್ರೋಷರ್ ಇಳಿಸಿಕೊಂಡ. 10. ಆರು ಇಮೇಲ್ ತೆರೆದ. 30. ಡೆಮೋ ನೋಡಿದ. 15. ಒಟ್ಟು 55. ಸೇಲ್ಸ್‌ನವರಿಗೆ ಹೋಯ್ತು. ಪೆರ್ಲದ ಒಬ್ಬರು ಕೃಷಿಕರು, ನಾಲ್ಕು ಎಕ್ರೆ ತೋಟ, ಅಂಗಳದಲ್ಲಿ ಚಾಲಿ ಒಣಗಿ ಸುಲಿಯಲಿಕ್ಕೆ ಜನ ಸಿಗದೆ ಕೂತವರು, ಫಾರ್ಮ್‌ನಲ್ಲಿ ಒಂದೇ ಸಾಲು ಬರೆದರು: "ರೇಟ್ ಎಷ್ಟು? ಯಾವಾಗ ಸಿಗ್ತದೆ?" 20 ಸಿಕ್ಕಿತು, ಜಿಮೇಲಿಗೆ 10 ಹೋಯ್ತು. ಉಳಿದದ್ದು 10. ಅವರಿಗೆ ಯಾರೂ ಫೋನ್ ಮಾಡುವುದಿಲ್ಲ. ವಾರಕ್ಕೊಂದರಂತೆ 'ಯಂತ್ರದಿಂದ ಸುಲಿಯುವುದರ ಲಾಭಗಳು' ಅಂತ ಇಮೇಲ್ ಹೋಗ್ತದೆ. ರೇಟ್ ಕೇಳಿದವರಿಗೆ ಲಾಭದ ಪಾಠ! ಮೂರನೇ ಪಾಠ ಮುಟ್ಟುವ ಹೊತ್ತಿಗೆ ಅವರ ಅಂಗಳದಲ್ಲಿ ಬೇರೆಯವರ ಮೆಷಿನ್ ಓಡ್ತಾ ಇರ್ತದೆ.

ಪಟ್ಟಿಯಲ್ಲಿ ಎರಡು ಕಾಲಂ ಮಾಡಿ. ಮೊದಲನೆಯದು ಜನದ್ದು, ಅದಕ್ಕೆ ಎ, ಬಿ, ಸಿ ಅಂತ ಅಕ್ಷರ ಕೊಡಿ. ಇಲ್ಲಿ ಕೇಳಬೇಕಾದ್ದು ಮೂರೇ: ತೋಟ ಎಷ್ಟು ಎಕ್ರೆ, ನಮ್ಮ ಮೆಕ್ಯಾನಿಕ್ ಹೋಗಿ ಅದೇ ದಿನ ಬರುವಷ್ಟು ಹತ್ತಿರವಾ, ಮೆಷಿನ್ನಿಗೆ ಬೇಕಾದ ಕರೆಂಟ್ ಉಂಟಾ. ಮೂರೂ ಸರಿ ಇದ್ದರೆ ಎ. ಒಂದು ತಪ್ಪಿದರೆ ಬಿ. ತೋಟವೇ ಇಲ್ಲದಿದ್ದರೆ ಸಿ. ನಿಮ್ಮ ಫಾರ್ಮ್‌ನಲ್ಲಿ 'ಕಂಪೆನಿ ಹೆಸರು', 'ಡೆಸಿಗ್ನೇಷನ್' ಅಂತ ಇದ್ದರೆ ಇವತ್ತೇ ತೆಗೆದು ಆ ಜಾಗದಲ್ಲಿ 'ಎಷ್ಟು ಎಕ್ರೆ' ಅಂತ ಹಾಕಿ. ಎರಡನೇ ಕಾಲಂ ಅವಸರದ್ದು, ಅದು ಅಂಕೆಯಲ್ಲಿ. ರೇಟ್ ಕೇಳಿದರೆ 30, ಬಂದು ನೋಡ್ತೇನೆ ಎಂದರೆ 30, ಯಾವಾಗ ಸಿಗ್ತದೆ ಎಂದರೆ 20. ಬ್ರೋಷರಿಗೆ 2 ಸಾಕು.

ಎ ಆಗಿ ಅವಸರ 30 ಮುಟ್ಟಿದರೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ ಫೋನ್. ಎ ಆಗಿ ಅವಸರ ಕಡಿಮೆ ಇದ್ದರೆ ಅವರೇ ನರ್ಚರ್ ಮಾಡಬೇಕಾದವರು, ಅಂದ್ರೆ ಅವಸರ ಬರುವ ತನಕ ಸಂಪರ್ಕ ಬಿಡದೆ ಇಟ್ಟುಕೊಳ್ಳಬೇಕಾದವರು. ಅವರಿಗೆ ಕೊಯ್ಲಿನ ಮೊದಲು ಒಂದು ವಿಡಿಯೋ, ಕೊಯ್ಲಿನ ಹೊತ್ತಿಗೆ ಒಂದು ರೇಟ್ ಪಟ್ಟಿ. ಬಿ ಆಗಿ ಅವಸರ ಹೆಚ್ಚಿದ್ದರೆ ತಪ್ಪಿದ ಆ ಒಂದು ವಿಷಯವನ್ನು ವಾಟ್ಸಾಪಲ್ಲಿ ಮೊದಲು ಕೇಳಿ. ಸಿ ಎಷ್ಟು ಅಂಕ ತೆಗೆದರೂ ಸೇಲ್ಸಿಗೆ ಬೇಡ. ಮರ್ಯಾದೆಯಿಂದ ಒಂದು ಉತ್ತರ ಕಳಿಸಿ. ನಮ್ಮ ವಿದ್ಯಾರ್ಥಿ ಸಿ. ಪೆರ್ಲದವರು ಎ, ಅವಸರ 50. ಈಗ ಹೇಳಿ, ಮೊದಲು ಯಾರಿಗೆ ಫೋನ್?

ಕೂಡಿಸಬಾರದು ಎನ್ನಲಿಕ್ಕೆ ಇನ್ನೂ ಗಟ್ಟಿ ಕಾರಣ ಉಂಟು. ಅವಸರ ಹಳಸ್ತದೆ, ಜನ ಹಳಸುವುದಿಲ್ಲ. ಡಿಸೆಂಬರಿನಲ್ಲಿ ರೇಟ್ ಕೇಳಿದವರು ಮಾರ್ಚಿನಲ್ಲೂ ಅಷ್ಟೇ ಬಿಸಿ ಇರ್ತಾರಾ? ಅದಕ್ಕೆ ಅವಸರದ ಅಂಕವನ್ನು ತಿಂಗಳಿಗೊಮ್ಮೆ ಅರ್ಧ ಮಾಡಬೇಕು: 40 ಇದ್ದದ್ದು 20, ಆಮೇಲೆ 10. ಆದರೆ ನಾಲ್ಕು ಎಕ್ರೆ ತೋಟ ಮಾರ್ಚಿನಲ್ಲೂ ನಾಲ್ಕು ಎಕ್ರೆಯೇ! ಎರಡನ್ನೂ ಒಂದೇ ಅಂಕೆಗೆ ಕೂಡಿಸಿದರೆ ಯಾವುದನ್ನು ಅರ್ಧ ಮಾಡ್ತೀರಿ? ಇಳಿಸಿದರೆ ಒಳ್ಳೇ ಗಿರಾಕಿಯ ತೋಟವೂ ಅರ್ಧ ಆಗ್ತದೆ, ಇಳಿಸದಿದ್ದರೆ ವರ್ಷ ಹಿಂದಿನ ವಿಚಾರಣೆ ಪಟ್ಟಿಯ ತಲೆಯಲ್ಲಿ ಕೂತಿರ್ತದೆ. ಕೂಡಿಸಬೇಡಿ ಅಂತ ಬೊಬ್ಬೆ ಹಾಕುವುದು ಇದಕ್ಕೇ.

ಇಮೇಲ್ ತೆರೆದದ್ದಕ್ಕೆ 5 ಅಂಕ ಕೊಡುವವರೇ, ನೀವೂ ಕೇಳಿ. ಇಮೇಲ್ ತೆರೆದದ್ದು ಗೊತ್ತಾಗುವುದು ಅದರೊಳಗೆ ಅಡಗಿಸಿಟ್ಟ ಒಂದು ಚುಕ್ಕೆಯಷ್ಟು ಚಿತ್ರ ಲೋಡ್ ಆದಾಗ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿಗೆ ಹೊಸ ಗೌಪ್ಯತೆಯ ವ್ಯವಸ್ಥೆ ತಂದಿತು. ಅದನ್ನು ಆನ್ ಮಾಡಿಟ್ಟ ಫೋನಿನಲ್ಲಿ, ಮನುಷ್ಯ ಇಮೇಲ್ ನೋಡದಿದ್ದರೂ ಚಿತ್ರ ತಾನಾಗಿ ಲೋಡ್ ಆಗ್ತದೆ. ನಿಮ್ಮ ಪಟ್ಟಿಯಲ್ಲಿ 'ತೆರೆದರು' ಅಂತ ಬೀಳ್ತದೆ. ಕ್ಲಿಕ್‌ನದ್ದೂ ಅದೇ ಕಥೆ: ಎಷ್ಟೋ ಕಂಪೆನಿಗಳ ಸೆಕ್ಯೂರಿಟಿ ಸಾಫ್ಟ್‌ವೇರ್ ಇಮೇಲ್ ಮುಟ್ಟಿದ ಕೂಡಲೇ ಒಳಗಿನ ಲಿಂಕ್‌ಗಳನ್ನು ಒತ್ತಿ ಪರೀಕ್ಷೆ ಮಾಡ್ತದೆ. ಗುರುತು ಹಿಡಿಯುವುದು ಸುಲಭ. ಇಮೇಲ್ ತಲುಪಿದ ನಿಮಿಷದಲ್ಲೇ ಎಲ್ಲ ಲಿಂಕೂ, ಅನ್‌ಸಬ್‌ಸ್ಕ್ರೈಬ್ ಸಮೇತ, ಒತ್ತಿದ ಹಾಗೆ ತೋರಿಸಿದರೆ ಅದು ಮನುಷ್ಯರ ಬೆರಳಲ್ಲ. ಇಮೇಲ್ ತೆರೆದದ್ದಕ್ಕೆ ಸೊನ್ನೆ ಕೊಡಿ.

"ಅಂಕ ಎಷ್ಟು ಕೊಡಬೇಕು ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳ್ತೀರಿ. ನಿಮ್ಮ ಕಳೆದ ವರ್ಷದ ಪಟ್ಟಿಯೇ ಹೇಳ್ತದೆ. ಲೆಕ್ಕಕ್ಕೆ ಸುಲಭದ ಅಂಕೆ ತೆಗೆದುಕೊಳ್ಳುವ: 400 ಮಂದಿ ವಿಚಾರಿಸಿದರು, 40 ಮಂದಿ ಕೊಂಡರು. ನೂರಕ್ಕೆ 10. ರೇಟ್ ಕೇಳಿದ 100 ಮಂದಿಯಲ್ಲಿ 25 ಮಂದಿ ಕೊಂಡಿದ್ದರೆ ಆ ಪ್ರಶ್ನೆಗೆ ಬೆಲೆ ಉಂಟು. ಬ್ರೋಷರ್ ತೆಗೆದ 200 ಮಂದಿಯಲ್ಲಿ 20 ಮಂದಿ ಕೊಂಡಿದ್ದರೆ ಅದೂ ನೂರಕ್ಕೆ 10, ಅಂದ್ರೆ ಬ್ರೋಷರಿನಿಂದ ಏನೂ ಗೊತ್ತಾಗಲಿಲ್ಲ. ಒಂದು ಎಚ್ಚರ ಮಾತ್ರ. ಇಷ್ಟು ದಿನ ಅಂಕ ಜಾಸ್ತಿ ಇದ್ದವರಿಗೆ ಮಾತ್ರ ಫೋನ್ ಮಾಡಿದ್ದರೆ, ಅಂಕ ಕಡಿಮೆ ಇದ್ದವರು ಕೊಳ್ಳದೆ ಹೋದದ್ದು ಬೇಡವಾಗಿಯೋ ಯಾರೂ ಕರೆಯದೆಯೋ ಅಂತ ಪಟ್ಟಿಯಿಂದ ತಿಳಿಯುವುದಿಲ್ಲ. ಅದಕ್ಕೆ ಕೆಳಗಿನ ನೂರರಲ್ಲಿ ಒಂದು ಹತ್ತು ಮಂದಿಗಾದರೂ ಚೀಟಿ ಎತ್ತಿದ ಹಾಗೆ ಆರಿಸಿ ಫೋನ್ ಮಾಡ್ತಾ ಇರಿ.

"ಎರಡು ಕಾಲಂ ಆದ್ರೆ ಸೇಲ್ಸ್‌ನವರಿಗೆ ಗೊಂದಲ" ಅಂತ ಇನ್ನೊಬ್ಬರು. ಎಂಥ ಗೊಂದಲ? ತುಳು, ಕನ್ನಡ, ಮಲಯಾಳ ಮೂರರಲ್ಲೂ ಚೌಕಾಸಿ ಮಾಡುವ ಹುಡುಗರಿಗೆ ಎ ಮತ್ತು 30 ಓದಲಿಕ್ಕೆ ಬರುವುದಿಲ್ಲವಾ? "ನಮ್ಮ ಸಾಫ್ಟ್‌ವೇರಿನಲ್ಲಿ ಸ್ಕೋರಿಗೆ ಒಂದೇ ಕಾಲಂ ಉಂಟು" ಅಂತ ಮತ್ತೊಬ್ಬರು. ಎಕ್ಸೆಲಲ್ಲಿ ಮಾಡಿ! ಪುಸ್ತಕದಲ್ಲಿ ಗೆರೆ ಎಳೆದು ಮಾಡಿ! ಕೂಡಿಸಬೇಡಿ ಅಂದ್ರೆ ಕೂಡಿಸಬೇಡಿ, ಅಷ್ಟೇ.

ಈ ಎರಡು ಕಾಲಮಿನ ಖಾಲಿ ಪಟ್ಟಿಯನ್ನು ವಿಡಿಯೋದ ಕೆಳಗೆ ಹಾಕಿದ್ದೇನೆ, ದುಡ್ಡೇನೂ ಬೇಡ, ತೆಗೆದುಕೊಳ್ಳಿ. ಚಾನೆಲ್ ಸಬ್‌ಸ್ಕ್ರೈಬ್ ಆಗದವರು ಆಗಿ. ಮುಂದಿನ ವಾರ ಆ ಮೊದಲ ಫೋನಿನಲ್ಲಿ ಎಂತ ಕೇಳಬೇಕು ಅಂತ ಮಾತಾಡುವ. ಕಾಮೆಂಟ್ ಹಾಕಿದ ಆ ಗೆಳೆಯರು ಈಗಲೇ ತಮ್ಮ ಪಟ್ಟಿ ತೆರೆದು, 50ರಿಂದ ಕೆಳಗಿನ ಸಾಲುಗಳಲ್ಲಿ 'ರೇಟ್' ಅಂತ ಹುಡುಕಿ. ಎಷ್ಟು ಹೆಸರು ಸಿಕ್ಕಿತು ಅಂತ ಕೆಳಗೆ ಬರೆಯಿರಿ. ಬರೆಯುವ ಮೊದಲು ಅವರಿಗೆ ಫೋನ್ ಮಾಡಿ.